ಐದರ ಕಟ್ಟು ಹಾಕಿ ಮತ ಎಣಿಸಿದ್ದು

ನಮ್ಮ ಬಡಾವಣೆಯ ಸಂಘಕ್ಕೆ ಎರಡು ವರ್ಷಕ್ಕೊಮ್ಮೆ ಚುನಾವಣೆ. ಐದು ಸ್ಥಾನ, ಕಳೆದ ಸಲ ಎಂಟು ಜನ ನಿಂತಿದ್ದರು. ಒಬ್ಬೊಬ್ಬರೂ ಒಂದೇ ಚೀಟಿಯಲ್ಲಿ ಐದು ಹೆಸರಿನವರೆಗೆ ಟಿಕ್ ಹಾಕಬಹುದು. ಗೀಟು ಎಳೆದು ಎಣಿಸಬೇಕಾಗಿ ಬರುವುದು ಇದರಿಂದಲೇ. ಒಬ್ಬರಿಗೆ ಒಂದೇ ಮತ ಆಗಿದ್ದರೆ ಚೀಟಿಗಳನ್ನು ಹೆಸರಿನ ಪ್ರಕಾರ ಗುಡ್ಡೆ ಹಾಕಿ ಎಣಿಸಿದರೆ ಮುಗಿಯಿತು. ಐದು ಟಿಕ್ ಇರುವ ಚೀಟಿಯನ್ನು ಯಾರ ಗುಡ್ಡೆಗೆ ಹಾಕ್ತೀರಿ?

ಮೊದಲ ಸಲ ನಾನು ಎಣಿಕೆಗೆ ಕೂತಾಗ ಒಂದು ದೊಡ್ಡ ಹಾಳೆಯಲ್ಲಿ ಎಲ್ಲರ ಹೆಸರು ಬರೆದು, ಮುಂದೆ ಗೀಟು ಎಳೆಯುತ್ತಾ ಹೋದೆ. ಪಕ್ಕದಲ್ಲಿ ಇನ್ನೊಬ್ಬರೂ ಹಾಗೇ ಬರೆದರು. ಕೊನೆಗೆ ಒಬ್ಬರ ಲೆಕ್ಕದಲ್ಲಿ ನನ್ನದಕ್ಕೂ ಅವರದಕ್ಕೂ ಮೂರರ ವ್ಯತ್ಯಾಸ. ಎಲ್ಲಿ ತಪ್ಪಿತು ಅಂತ ಹುಡುಕಲು ದಾರಿಯೇ ಇಲ್ಲ. ಎಲ್ಲವನ್ನೂ ಮತ್ತೆ ಎಣಿಸಿದೆವು. ಮನೆಗೆ ಹೋಗುವಾಗ ರಾತ್ರಿ ಹತ್ತೂವರೆ.

ಕಳೆದ ಸಲ ಬೇರೆ ಥರ ಮಾಡಿದೆವು. ಒಟ್ಟು 117 ಚೀಟಿ. ಆರು ಟಿಕ್ ಹಾಕಿದ್ದು, ಏನೂ ಹಾಕದೇ ಇದ್ದದ್ದು ಸೇರಿ ನಾಲ್ಕನ್ನು ಮೊದಲೇ ತೆಗೆದಿಟ್ಟೆವು. ಉಳಿದ 113ನ್ನು 25ರ ನಾಲ್ಕು ಕಂತೆ, 13ರ ಒಂದು ಕಂತೆ ಮಾಡಿದೆವು. ಒಬ್ಬರು ಚೀಟಿ ಓದುವುದು, ಇಬ್ಬರು ಬರೆಯುವುದು. ಬರೆಯುವ ಒಬ್ಬೊಬ್ಬರಿಗೂ ಕಂತೆಗೊಂದು ಹೊಸ ಹಾಳೆ. ಹಾಳೆಯಲ್ಲಿ ಎಂಟು ಹೆಸರು, ಕೆಳಗೆ ಒಂಬತ್ತನೆಯ ಸಾಲು 'ಖಾಲಿ'. ಯಾರಾದರೂ ಮೂರೇ ಟಿಕ್ ಹಾಕಿದ್ದರೆ ಓದುವವರು "ಖಾಲಿ ಎರಡು" ಅನ್ನಬೇಕು. ಆಗ ಪ್ರತಿ ಚೀಟಿಗೂ ಸರಿಯಾಗಿ ಐದು ಗೀಟು ಬೀಳುತ್ತದೆ. 25ರ ಕಂತೆ ಮುಗಿದಾಗ ಹಾಳೆಯಲ್ಲಿ 125 ಗೀಟು ಇರಲೇಬೇಕು.

ಗೀಟು ಎಳೆಯುವುದು ಎಲ್ಲರಿಗೂ ಗೊತ್ತು: ನಾಲ್ಕು ನೇರ, ಐದನೆಯದು ಅವುಗಳ ಮೇಲೆ ಅಡ್ಡ. ಆದರೆ ಓದುವವರು ಜೋರಾಗಿ ಓಡಿಸಿದಾಗ ಕೈ ಸುಮ್ನೆ ಐದನೆಯದನ್ನೂ ನೇರವಾಗಿಯೇ ಎಳೆದುಬಿಡುತ್ತದೆ. ಆಮೇಲೆ ಅದರ ಮೇಲೆ ಅಡ್ಡಗೀಟು. ನೋಡಲು ಕಟ್ಟಿನ ಹಾಗೇ ಇರುತ್ತದೆ, ಒಳಗೆ ಮಾತ್ರ ಆರು. ಇದಕ್ಕೆ ನಾವು ಕಂಡುಕೊಂಡ ಉಪಾಯ, ಅಡ್ಡಗೀಟು ಎಳೆಯುವಾಗ ಬರೆಯುವ ಇಬ್ಬರೂ ಬಾಯಿಬಿಟ್ಟು "ಕಟ್ಟು" ಅನ್ನುವುದು. ಇಬ್ಬರ ದನಿಯೂ ಒಟ್ಟಿಗೆ ಬಂದರೆ ಸರಿ. ಒಬ್ಬರದೇ ಬಂದರೆ ಅಲ್ಲೇ ನಿಲ್ಲಿಸಬೇಕು. ತಪ್ಪು ಆ ಹೆಸರಿನ ಕೊನೆಯ ನಾಲ್ಕೈದು ಮತಗಳಲ್ಲೇ ಇರುತ್ತದೆ. ಓದಿದ ಚೀಟಿಗಳನ್ನು ಕ್ರಮವಾಗಿ ಬೋರಲು ಹಾಕುತ್ತಾ ಹೋಗಿದ್ದರಿಂದ, ಮೇಲಿನ ಕೆಲವನ್ನು ತಿರುಗಿಸಿ ನೋಡಿದರೆ ಸಿಕ್ಕಿಬಿಡುತ್ತಿತ್ತು. ನಮ್ಮಜ್ಜ ಭತ್ತ ಅಳೆಯುವಾಗ "ಲಾಭ, ಎರಡು, ಮೂರು" ಅಂತ ರಾಗವಾಗಿ ಕೂಗುತ್ತಿದ್ದುದು ನೆನಪಾಯಿತು. ಕೂಗಿ ಎಣಿಸಿದರೆ ಸುತ್ತಲಿದ್ದವರ ಕಿವಿಯೂ ಲೆಕ್ಕ ಇಡುತ್ತದೆ, ಅಲ್ವಾ?

ಕೂಡುವಾಗ ಕಟ್ಟುಗಳನ್ನು ಜೋಡಿಯಾಗಿ ಹಿಡಿದು "ಹತ್ತು, ಇಪ್ಪತ್ತು" ಅಂತ ಹೋಗುತ್ತೇನೆ. ಒಂಟಿ ಕಟ್ಟು, ಬಿಡಿ ಗೀಟು ಆಮೇಲೆ. ಮೊತ್ತವನ್ನು ಸಾಲಿನ ಕೊನೆಗೆ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. 25 ಚೀಟಿಯ ಹಾಳೆಯಲ್ಲಿ ಯಾರಿಗೂ ಐದು ಕಟ್ಟಿಗಿಂತ ಜಾಸ್ತಿ ಬರುವ ಹಾಗಿಲ್ಲ, ಹಾಗಾಗಿ ಸಾಲು ಚಿಕ್ಕದು, ಕಣ್ಣು ತಪ್ಪುವುದು ಕಮ್ಮಿ.

ಕಮ್ಮಿ ಅಷ್ಟೇ. ಮೂರನೆಯ ಕಂತೆಯಲ್ಲಿ ನನ್ನ ಹಾಳೆ ಹೀಗಿತ್ತು: 19, 22, 11, 17, 8, 14, 20, 6, ಖಾಲಿ 3. ಕೂಡಿದರೆ 120. ಐದು ಕಮ್ಮಿ! ಒಂದೆರಡು ಕಮ್ಮಿಯಾದರೆ ಗೀಟು ಬಿಟ್ಟುಹೋಗಿರುವ ಸಾಧ್ಯತೆ ಜಾಸ್ತಿ. ಸರಿಯಾಗಿ ಐದು ಅಂದರೆ ನಾನು ಮೊದಲು ಕೂಡಿದ್ದನ್ನೇ ಅನುಮಾನಿಸುತ್ತೇನೆ, ಒಂದು ಇಡೀ ಕಟ್ಟು ಕಣ್ಣಿಗೆ ಬಿದ್ದಿರುವುದಿಲ್ಲ. ಹಾಗೇ ಆಗಿತ್ತು. ನಾಲ್ಕನೆಯ ಸಾಲಿನ ಮೊದಲ ಕಟ್ಟು ಪ್ಯಾಡಿನ ಕ್ಲಿಪ್ಪಿನ ಅಡಿ ಸೇರಿಕೊಂಡಿತ್ತು. 17 ಅಲ್ಲ, 22. ಮೊತ್ತ 125. ಎರಡು ನಿಮಿಷದ ಕೆಲಸ.

ಈ 125ರ ತಾಳೆ ಎಲ್ಲವನ್ನೂ ಹಿಡಿಯುವುದಿಲ್ಲ. ಒಬ್ಬರ ಗೀಟು ಇನ್ನೊಬ್ಬರ ಸಾಲಿಗೆ ಬಿದ್ದರೆ ಮೊತ್ತ ಸರಿಯಾಗೇ ಇರುತ್ತದೆ. ಅದಕ್ಕೇ ಎರಡು ಹಾಳೆ ಬೇಕು, ಇಬ್ಬರೂ ಒಬ್ಬರದನ್ನೊಬ್ಬರು ನೋಡಬಾರದು. ಓದುವವರೇ ತಪ್ಪು ಹೆಸರು ಓದಿದರೆ ಎರಡು ಹಾಳೆಯೂ ಒಂದೇ ತಪ್ಪು ಹೇಳುತ್ತವೆ. ಓದುವವರ ಹೆಗಲ ಹಿಂದೆ ಚೀಟಿ ನೋಡಲು ಅಭ್ಯರ್ಥಿಗಳ ಕಡೆಯ ಒಬ್ಬರನ್ನು ನಿಲ್ಲಿಸಿದ್ದು ಇದಕ್ಕೇ.

ಕೊನೆಗೆ ಐದನೆಯವರಿಗೂ ಆರನೆಯವರಿಗೂ ಎರಡೇ ಮತದ ಅಂತರ. ಸೋತವರು "ಹಾಳೆ ಕೊಡಿ ಸಾರ್, ನಾನೇ ನೋಡ್ತೀನಿ" ಅಂದರು. ನನ್ನ ಐದೂ ಹಾಳೆ ಕೊಟ್ಟೆ. ತಮ್ಮ ಸಾಲು, ಗೆದ್ದವರ ಸಾಲು ಎರಡನ್ನೂ ಬೆರಳಿಟ್ಟು ಕಟ್ಟು ಕಟ್ಟಾಗಿ ಎಣಿಸಿದರು. ಆಮೇಲೆ ಹಾಳೆ ಮಡಚಿ ವಾಪಸ್ ಕೊಟ್ಟು, ಕಾಫಿ ಉಳಿದಿದೆಯಾ ಅಂತ ಕೇಳಿದರು.