ಬ್ಯಾನರ್‌ನ ಬಣ್ಣದ ಪಟ್ಟಿಯೊಳಗಿನ ಅಕ್ಷರ ಬದಲಿಸಿದ್ದು: ನನ್ನ ಅನುಭವ

ಜಾತ್ರೆ ಹತ್ತಿರ ಬಂತೆಂದರೆ ಹೋದ ವರ್ಷದ ಬ್ಯಾನರ್‌ನ ಜೆಪಿಜಿ ಫೈಲ್ ನನ್ನ ಮೊಬೈಲ್‌ಗೆ ಬಂದು ಬೀಳುತ್ತದೆ. "ಅಣ್ಣಾ, ಫೋಟೋ ಅದೇ ಇರಲಿ, ದಿನಾಂಕ ಒಂದು ಬದಲಾಯಿಸಿಕೊಡಿ." ಲೇಯರ್ ಇರುವ ಪಿಎಸ್‌ಡಿ ಯಾರ ಬಳಿಯೂ ಇರುವುದಿಲ್ಲ. ಈ ಸಲ ಬಂದದ್ದು ರಥೋತ್ಸವದ್ದು. ಮೇಲೆ ತೇರು, ಕೆಳಗೆ ಹಗ್ಗ ಎಳೆಯುತ್ತಿರುವ ಬಿಳಿ ಪಂಚೆಯ ಜನ. ಆ ಜನರ ಮೇಲೆಯೇ ಮರೂನ್ ಬಣ್ಣದ ಅರೆಪಾರದರ್ಶಕ ಪಟ್ಟಿ, ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ತಿಥಿ, ವಾರ, ದಿನಾಂಕ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಹಾಗಾಗಿ ಮೊದಲು ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲು ಹೇಳಿದೆ.

ಇಂಥ ಕೆಲಸ ನೋಡಿದ ಕೂಡಲೇ ಪಟ್ಟಿ ತೆಗೆದು, ಕೆಳಗಿನ ಫೋಟೋ ಸರಿಮಾಡಿ, ಮತ್ತೆ ಪಟ್ಟಿ ಹಾಕಬೇಕು ಅನ್ನಿಸುತ್ತದೆ. ಅದರ ಅಗತ್ಯವೇ ಇಲ್ಲ. ಅಕ್ಷರದ ಅಡಿಯ ಫೋಟೋ ಹೇಗೂ ಹೋಗಿದೆ, ಅದನ್ನು ಯಾರಿಂದಲೂ ವಾಪಸ್ ತರಲಾಗದು. ನಮಗೆ ಬೇಕಿರುವುದು ಬಣ್ಣ ಹತ್ತಿದ ಫೋಟೋದ ತೇಪೆ ಮಾತ್ರ, ಅದು ಅಕ್ಕಪಕ್ಕದಲ್ಲೇ ಸಿಗುತ್ತದೆ. ಪಟ್ಟಿಯೊಳಗೆ ಫೋಟೋದ ಕಾಂಟ್ರಾಸ್ಟ್ ಎಷ್ಟೋ ಇಳಿದಿರುವುದರಿಂದ ತೇಪೆಯ ತಪ್ಪು ಕಣ್ಣಿಗೆ ಬೀಳುವುದೂ ಕಡಿಮೆ.

ಎಷ್ಟು ಇಳಿದಿದೆ ಎಂದು ನಾನು ಮೊದಲೇ ಲೆಕ್ಕ ಹಾಕಿಕೊಳ್ಳುತ್ತೇನೆ. ಪಟ್ಟಿಯ ಮೇಲಂಚನ್ನು ದಾಟಿ ಹೋಗುವ ಒಂದು ಬಿಳಿ ವಸ್ತು, ಒಂದು ಕಪ್ಪು ವಸ್ತು ಹುಡುಕಬೇಕು. ಇಲ್ಲಿ ಒಬ್ಬರ ಪಂಚೆ, ಇನ್ನೊಬ್ಬರ ಕಪ್ಪು ಚೀಲ ಸಿಕ್ಕವು. ಫೋಟೋಶಾಪ್‌ನ ಐಡ್ರಾಪರ್ ಅನ್ನು 5 by 5 Average ಗೆ ಇಟ್ಟು, Info ಪ್ಯಾನೆಲ್‌ನಲ್ಲಿ ಕೆಂಪಿನ ಅಂಕಿ ನೋಡಿದೆ. ಪಂಚೆ ಪಟ್ಟಿಯ ಹೊರಗೆ 240, ಒಳಗೆ 162. ಚೀಲ ಹೊರಗೆ 30, ಒಳಗೆ 99. ಹೊರಗೆ 210 ಇದ್ದ ವ್ಯತ್ಯಾಸ ಒಳಗೆ ಬರೀ 63 ಆಗಿದೆ. ಅಂದರೆ ಫೋಟೋ ಉಳಿದಿರುವುದು ಶೇ. 30, ಪಟ್ಟಿಯ ಒಪ್ಯಾಸಿಟಿ ಶೇ. 70.

ಪಟ್ಟಿಯ ಅಸಲಿ ಬಣ್ಣವೂ ಇದರಿಂದಲೇ ಹೊರಡುತ್ತದೆ:

```
R = (162 - 0.3 × 240) / 0.7 ≈ 129
```

ಹಸಿರು, ನೀಲಿಗೂ ಹೀಗೇ ಮಾಡಿದಾಗ 129, 0, 32 ಬಂತು. ಪಟ್ಟಿಯ ಮೇಲೆ ನೇರವಾಗಿ ಐಡ್ರಾಪರ್ ಒತ್ತಿದರೆ ಈ ಬಣ್ಣ ಸಿಗುವುದಿಲ್ಲ. ಪಂಚೆಯ ಮೇಲೆ ಒತ್ತಿದರೆ 162, 71, 92 ಎಂಬ ತಿಳಿಗುಲಾಬಿ ಸಿಗುತ್ತದೆ, ಅದರಲ್ಲಿ ಫೋಟೋ ಬೆರೆತಿರುತ್ತದೆ. ಅದನ್ನೇ ಪಟ್ಟಿಯ ಬಣ್ಣ ಅಂತ ಬಳಸಿದರೆ ಇಡೀ ಪಟ್ಟಿ ಹಾಲು ಸುರಿದಂತೆ ಮಂಕಾಗುತ್ತದೆ.

ಆಮೇಲೆ ಅಕ್ಷರ ತೆಗೆಯುವುದು. ಅಕ್ಷರಗಳ ಸುತ್ತ ಚೌಕ ಹಾಕಿ, Select > Color Range ನಲ್ಲಿ ಬಿಳಿ ಆರಿಸಿದೆ. ಚೌಕ ಹಾಕುವಾಗ ಒತ್ತಕ್ಷರಗಳನ್ನು ಮರೆಯಬಾರದು, 'ಕೃಷ್ಣ ಪಕ್ಷ'ದ ವಟ್ರಸುಳಿಯೂ ಒತ್ತುಗಳೂ ಸಾಲಿನಿಂದ ಸಾಕಷ್ಟು ಕೆಳಗಿಳಿದಿರುತ್ತವೆ. ನಂತರ Select > Modify > Expand ನಲ್ಲಿ 6 ಪಿಕ್ಸೆಲ್ ಹಿಗ್ಗಿಸಿದೆ. ಜೆಪಿಜಿ ಚಿತ್ರವನ್ನು 8 ಪಿಕ್ಸೆಲ್‌ನ ಚೌಕಗಳಾಗಿ ಕುಗ್ಗಿಸುವುದರಿಂದ ಅಕ್ಷರದ ಸುತ್ತ ಸೊಳ್ಳೆ ಮುತ್ತಿದಂತೆ ಚುಕ್ಕಿಗಳಿರುತ್ತವೆ, ಅವೂ ಸೆಲೆಕ್ಷನ್ ಒಳಗೆ ಬರಬೇಕು. ಅಕ್ಷರಕ್ಕೆ ನೆರಳು ಕೊಟ್ಟಿದ್ದರೆ Color Range ಅದನ್ನು ಹಿಡಿಯುವುದಿಲ್ಲ. ಈ ಬ್ಯಾನರ್‌ನಲ್ಲಿ ಬಲಗೆಳಗೆ ನೆರಳಿತ್ತು, ಲಾಸೋದಿಂದ ಆ ಬದಿಯನ್ನು ಕೈಯಲ್ಲೇ ಸೇರಿಸಿದೆ.

ತುಂಬಿಸುವ ಮೊದಲು ಹಗ್ಗ. ಅದು ಪಟ್ಟಿಯಲ್ಲಿ ಓರೆಯಾಗಿ ಹಾದು ದಿನಾಂಕದ ಎರಡು ಅಂಕಿಗಳ ಹಿಂದೆ ಹೋಗಿತ್ತು. ಕಾಂಟ್ರಾಸ್ಟ್ ಕಡಿಮೆಯಿದ್ದರೂ ಉದ್ದನೆಯ ಗೆರೆ ತುಂಡಾದರೆ ಕಣ್ಣು ತಕ್ಷಣ ಹಿಡಿಯುತ್ತದೆ. ಹೊಸ ಖಾಲಿ ಲೇಯರ್ ಮಾಡಿ, ಕ್ಲೋನ್ ಸ್ಟಾಂಪ್‌ನ Sample ಅನ್ನು Current & Below ಗೆ ಇಟ್ಟು, ಹಗ್ಗದ ಮೇಲೆಯೇ ಆಲ್ಟ್ ಒತ್ತಿ ಮಾದರಿ ತೆಗೆದು, ಅದೇ ಓರೆಯಲ್ಲಿ ಅಂಕಿಗಳ ಮೇಲೆ ಎಳೆದೆ. ಹೀಗೆ ಗೆರೆಗಳನ್ನು ಮೊದಲು ಜೋಡಿಸಿಕೊಂಡರೆ ಉಳಿದ ಜಾಗ ಸುಲಭ. ಅಕ್ಷರದ ಗೆರೆಯ ದಪ್ಪ 12 ಪಿಕ್ಸೆಲ್, ಹಿಗ್ಗಿಸಿದ್ದು ಸೇರಿದರೂ 24. ಅಷ್ಟು ಕಿರಿದಾದ ಜಾಗವನ್ನು ಹೀಲಿಂಗ್ ಬ್ರಷ್ ತಕರಾರಿಲ್ಲದೆ ತುಂಬಿಸಿತು. Content-Aware Fill ಬಳಸುವುದಾದರೆ ಮಾದರಿ ತೆಗೆಯುವ ಹಸಿರು ಜಾಗವನ್ನು ಪಟ್ಟಿಯೊಳಗಷ್ಟೇ ಉಳಿಸಿ, ಹೊರಗಿನದನ್ನು ಅಳಿಸಬೇಕು. ಇಲ್ಲದಿದ್ದರೆ ಬಣ್ಣ ಹತ್ತದ ಪಂಚೆಯ ತುಣುಕು ಮರೂನ್ ನಡುವೆ ಬಂದು ಕೂರುತ್ತದೆ.

ಪಟ್ಟಿಯ ಅಂಚಿನ ಪಕ್ಕದಲ್ಲಿ ಹೀಲಿಂಗ್ ಬ್ರಷ್ ನಂಬುವಂತಿಲ್ಲ. ಅದು ಸುತ್ತಲಿನ ಬೆಳಕನ್ನು ಎಳೆದುಕೊಳ್ಳುವ ಸಾಧನ, ಅಂಚಿನ ಆಚೆಯ ಬಿಳುಪು ಒಳಗೆ ಸೋರಿ ಮಬ್ಬು ಕಲೆ ಬೀಳುತ್ತದೆ. ಕೊನೆಯ ಸಾಲಿನ ಒತ್ತುಗಳು ಕೆಳಗಿನ ಅಂಚಿಗೆ ತಾಗುವಂತಿದ್ದವು, ಅಲ್ಲಿ ಕ್ಲೋನ್ ಸ್ಟಾಂಪ್ ಮಾತ್ರ ಬಳಸಿದೆ.

ಎಲ್ಲ ಮುಗಿಯಿತು ಅನ್ನಿಸಿದಾಗ ಮೇಲೊಂದು Curves ಲೇಯರ್ ಹಾಕಿ ಗೆರೆಯನ್ನು ಬಲು ಕಡಿದಾಗಿ ನಿಲ್ಲಿಸುತ್ತೇನೆ. ಮಾನಿಟರ್‌ನಲ್ಲಿ ಕಾಣದ ಹಳೆಯ ಅಕ್ಷರದ ದೆವ್ವ ಆಗ ಎದ್ದು ಬರುತ್ತದೆ. ಈ ಸಲ ವಾರದ ಹೆಸರಿನ ಕೆಳಗೆ ನೆರಳಿನ ಬಾಲ ಒಂದಿಷ್ಟು ಉಳಿದಿತ್ತು. ಅದನ್ನು ಒರೆಸಿ Curves ಲೇಯರ್ ಅಳಿಸಿದೆ.

ಇಷ್ಟಾದ ಮೇಲೆ ಲೆಕ್ಕ ಹಾಕಿ ತೆಗೆದ ಬಣ್ಣದ ಉಪಯೋಗ. 129, 0, 32 ತುಂಬಿದ ಒಂದು ಆಯತವನ್ನು ಇಡೀ ಪಟ್ಟಿಯ ಮೇಲೆ ಶೇ. 50 ಒಪ್ಯಾಸಿಟಿಯಲ್ಲಿ ಹಾಕಿದೆ. ಉಳಿದಿದ್ದ ಶೇ. 30 ಫೋಟೋ ಶೇ. 15ಕ್ಕೆ ಇಳಿಯಿತು, ಪಟ್ಟಿ ಒಟ್ಟಾರೆ ಶೇ. 85 ಆಯಿತು. ಬಣ್ಣ ಅಸಲಿಯದೇ ಆದ್ದರಿಂದ ಛಾಯೆ ಬದಲಾಗದೆ ಪಟ್ಟಿ ಸ್ವಲ್ಪ ಗಟ್ಟಿಯಾದಂತೆ ಕಾಣುತ್ತದೆ ಅಷ್ಟೇ, ತೇಪೆಯ ಏರುಪೇರು ಅರ್ಧಕ್ಕಿಳಿಯುತ್ತದೆ. ಆಯತ ಅಂಚಿನಿಂದ ಒಂದು ಪಿಕ್ಸೆಲ್ ಒಳಗಿದ್ದರೂ ಪರವಾಗಿಲ್ಲ, ಹೊರಗೆ ಹೋದರೆ ಫೋಟೋ ಮೇಲೆ ಕೆಂಪು ಗೆರೆ ಬೀಳುತ್ತದೆ. ತೇಪೆ ಹಾಕದೆ ಬರೀ ಇದನ್ನೇ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಬಿಳಿ ಅಕ್ಷರಕ್ಕೂ ಪಟ್ಟಿಗೂ 125ರಷ್ಟು ಅಂತರವಿದ್ದರೆ, ಶೇ. 90 ಹಾಕಿದರೂ 12 ಉಳಿಯುತ್ತದೆ, ಹಳೆಯ ದಿನಾಂಕ ಓದಲು ಅಷ್ಟು ಸಾಕು.

ಹೊಸ ಸಾಲನ್ನು ಹಳೆಯದರ ಜಾಗದಲ್ಲೇ, ಅದೇ ಎತ್ತರ, ಅದೇ ದಪ್ಪದಲ್ಲಿ ಕೂರಿಸಿದೆ. ತೇಪೆಯ ಬಹುಭಾಗ ಹೊಸ ಅಕ್ಷರದಡಿ ಮುಚ್ಚಿಹೋಗುತ್ತದೆ, ಆದ್ದರಿಂದ ತೇಪೆಯನ್ನು ತಿದ್ದಿ ತೀಡುತ್ತ ಕೂರುವ ಮೊದಲೇ ಹೊಸ ಸಾಲು ಹಾಕಿ ನೋಡುವುದು ಒಳ್ಳೆಯದು. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಯೂನಿಕೋಡ್ ಫಾಂಟ್‌ನ ಒತ್ತುಗಳು ಒಡೆದು ಪಕ್ಕಕ್ಕೆ ಬಂದರೆ Preferences > Type ನಲ್ಲಿ World-Ready Layout ಆರಿಸಿ, ಹೊಸ ಡಾಕ್ಯುಮೆಂಟ್‌ನಲ್ಲಿ ಟೈಪ್ ಮಾಡಿ ತರಬೇಕು.

ಈ ದಾರಿ ಎಲ್ಲ ಬ್ಯಾನರ್‌ಗೂ ನಡೆಯುವುದಿಲ್ಲ. ಒಪ್ಯಾಸಿಟಿ ಶೇ. 30–40 ಇದ್ದು, ಅಕ್ಷರ ಯಾರದೋ ಮುಖದ ಮೇಲೆ ಹಾದಿದ್ದರೆ ತೇಪೆ ಹಾಕಿದ ಕಣ್ಣು, ಮೂಗು ವಿಕಾರವಾಗುತ್ತದೆ. ಅಂಥದ್ದು ಬಂದರೆ ಅಕ್ಷರ ಇರುವಷ್ಟು ಉದ್ದಕ್ಕೆ ಪಟ್ಟಿಯನ್ನು ಪೂರ್ತಿ ಗಟ್ಟಿ ಬಣ್ಣ ಮಾಡಿ ಎರಡೂ ತುದಿಗೆ ಗ್ರೇಡಿಯಂಟ್‌ನಲ್ಲಿ ಕರಗಿಸುತ್ತೇನೆ. ಮುಖ ಮುಚ್ಚಿಹೋಗುತ್ತದೆ ಎಂದು ಮುದ್ರಿಸುವ ಮೊದಲೇ ಸಮಿತಿಯವರಿಗೆ ಹೇಳಿಬಿಡುತ್ತೇನೆ.