ಕಾರು ರಿವ್ಯೂ: ಹೊಗಳಿಕೆ ಯಾವುದು, ಅಳತೆ ಯಾವುದು?

ಹುಬ್ಬಳ್ಳಿಯ ಗೋಕುಲ ರೋಡಿನ ಶೋರೂಮಿಗೆ ಕಾಲಿಡುವ ಹೊತ್ತಿಗೆ ಈಗ ಬಹಳ ಮಂದಿ ಕಾರನ್ನು ಆರಿಸಿಯೇ ಬಂದಿರುತ್ತಾರೆ. ಆರಿಸಿಕೊಟ್ಟದ್ದು ಮೊಬೈಲಿನಲ್ಲಿ ನೋಡಿದ ರಿವ್ಯೂ ವಿಡಿಯೊ. ಹತ್ತು ಲಕ್ಷದ ವ್ಯವಹಾರ ಅದರ ಮೇಲೆ ನಿಂತಿರುವಾಗ, ಅದನ್ನು ನೋಡುವ ಕ್ರಮವನ್ನೂ ತಿಳಿದಿರಬೇಕು.

ಮೊದಲು ದುಡ್ಡಿನ ಗುರುತು ಹುಡುಕಿ. ಯೂಟ್ಯೂಬ್‌ನಲ್ಲಿ ವಿಡಿಯೊ ಶುರುವಾದ ಕೂಡಲೇ ಮೂಲೆಯಲ್ಲಿ Includes paid promotion ಎಂಬ ಸಾಲು ಕೆಲವು ಸೆಕೆಂಡು ಮಾತ್ರ ಕಾಣಿಸಿ ಮಾಯವಾಗುತ್ತದೆ. ಜಾಹೀರಾತು ಮಾನದಂಡ ಮಂಡಳಿ (ಆಸ್ಕಿ) 2021ರಲ್ಲಿ ತಂದ ನಿಯಮದ ಪ್ರಕಾರ, ಎರಡು ನಿಮಿಷ ಮೀರಿದ ವಿಡಿಯೊದಲ್ಲಿ ಪ್ರಚಾರದ ಭಾಗ ಮುಗಿಯುವ ತನಕ ಅಂಥ ಸೂಚನೆ ಪರದೆಯ ಮೇಲಿರಬೇಕು. ವಿಡಿಯೊದ ಕೆಳಗಿನ ವಿವರಣೆಯನ್ನೂ ಪೂರ್ತಿ ಬಿಚ್ಚಿ ಓದಿ.

ಸೂಚನೆ ಇಲ್ಲವೆಂದರೆ ಎಲ್ಲ ಸರಿ ಎಂದಲ್ಲ. ಹೊಸ ಕಾರು ಬಂದಾಗ ಕಂಪನಿಯೇ ರಿವ್ಯೂ ಮಾಡುವವರನ್ನು ಒಂದೂರಿಗೆ ಕರೆಸಿ, ಹೋಟೆಲಿನಲ್ಲಿ ಇಳಿಸಿ, ಎಲ್ಲಕ್ಕಿಂತ ದುಬಾರಿ ವೇರಿಯಂಟನ್ನು ಒಂದು ದಿನ ಓಡಿಸಲು ಕೊಡುವುದು ರೂಢಿ. ಐದಾರು ಚಾನೆಲ್‌ಗಳಲ್ಲಿ ಅದೇ ರಸ್ತೆ, ಅದೇ ಬಣ್ಣದ ಕಾರು ಕಂಡು, ವಿಡಿಯೊಗಳೆಲ್ಲ ಒಂದೇ ಗಳಿಗೆಗೆ ಬಂದಿದ್ದರೆ ಅದು ಇಂಥ ಓಟ ಎಂದು ತಿಳಿಯಿರಿ. ಅಲ್ಲಿ ಸೀಟು, ಸ್ಟೇರಿಂಗ್, ಒಳಗಿನ ಸದ್ದಿನ ಬಗ್ಗೆ ಹೇಳಿದ್ದನ್ನು ನಂಬಬಹುದು. ಸರ್ವಿಸ್ ಖರ್ಚು, ಬಾಳಿಕೆಯ ಮಾತುಗಳಿಗೆ ಆಧಾರವಿಲ್ಲ. ಹೇಳಿದ ದೋಷ ಎಂಥದ್ದು ಎಂದೂ ಗಮನಿಸಿ. ಬಾಟಲಿ ಇಡುವ ಜಾಗ ಚಿಕ್ಕದು ಎಂದರೆ ಯಾರೂ ಕಾರು ಬಿಡುವುದಿಲ್ಲ. ತುಂಬಿದ ಕಾರು ಘಾಟಿ ಏರುವಾಗ ಎಂಜಿನ್ ಏದುಸಿರು ಬಿಡುತ್ತದೆ ಎಂದರೆ ಬಿಟ್ಟಾರು. ಎರಡನೆಯ ಬಗೆಯ ಮಾತನ್ನು ಬಾಯಿಬಿಟ್ಟು ಹೇಳುವವರನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಮೈಲೇಜ್. ಕಂಪನಿ ಹೇಳುವ ಅಂಕಿ ಪ್ರಯೋಗಾಲಯದ್ದು. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ನಿಗದಿತ ವೇಗದಲ್ಲಿ ಓಡಿಸಿ ಅಳೆಯುತ್ತಾರೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಕಾರು ಕಾರುಗಳನ್ನು ಹೋಲಿಸಲು ಅದು ಒಳ್ಳೆಯದು, ನಿಮ್ಮ ಪೆಟ್ರೋಲ್ ಖರ್ಚು ಲೆಕ್ಕ ಹಾಕಲು ಅಲ್ಲ. ವಿಡಿಯೊದಲ್ಲಿ ತೋರಿಸುವ ಮೀಟರಿನ ಅಂಕಿ ಕಾರು ತಾನೇ ಅಂದಾಜು ಮಾಡಿದ್ದು. ನಿಜವಾದ ಅಳತೆಯೆಂದರೆ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡುವುದು.

ಆದರೆ ಅದರಲ್ಲೂ ಓಡಿಸಿದ ದೂರ ಎಷ್ಟೆಂದು ಕೇಳಬೇಕು. ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿ.ಮೀ. ಅಷ್ಟಕ್ಕೆ 3.6 ಲೀಟರ್ ಹಿಡಿದರೆ ಮೈಲೇಜ್ 16.7. ಪಂಪಿನ ನಾಜಲ್ ಒಂದು ಲೀಟರ್ ಮೊದಲೇ ಕಟ್ ಆಯಿತು ಎನ್ನಿ, ಬಿಲ್ಲಿನಲ್ಲಿ 2.6 ಲೀಟರ್, ಅದೇ ಕಾರು ಈಗ 23 ಕೊಟ್ಟಂತೆ ಕಾಣುತ್ತದೆ! ಅದೇ 412 ಕಿ.ಮೀ. ಓಡಿಸಿ 24.6 ಲೀಟರ್ ತುಂಬಿಸಿದರೂ ಮೈಲೇಜ್ 16.7. ಇಲ್ಲಿ ಒಂದು ಲೀಟರ್ ತಪ್ಪಿದರೆ 17.5 ಆದೀತು, ಅಷ್ಟೇ. ಹಾಗಾಗಿ ನಾಲ್ಕುನೂರು ಕಿ.ಮೀ.ಗಿಂತ ಕಡಿಮೆ ಓಡಿಸಿದವರ ಮೈಲೇಜನ್ನು ಪಕ್ಕಕ್ಕಿಡಿ. ಎಸಿ ಹಾಕಿದ್ದರೇ, ಎಷ್ಟು ಜನ ಕೂತಿದ್ದರು, ಎರಡೂ ಸಲ ಅದೇ ಪಂಪಿನಲ್ಲಿ ತುಂಬಿಸಿದರೇ ಎಂಬುದನ್ನು ಹೇಳದಿದ್ದರೂ ಹಾಗೆಯೇ.

ಕೊನೆಗೆ ಸುರಕ್ಷತೆ. ಬಾಗಿಲು ಧಪ್ ಎಂದು ಮುಚ್ಚಿತು, ಬಾನೆಟ್ ಭಾರವಿದೆ, ‘ಗಾಡಿ ಗಟ್ಟಿ ಐತ್ರಿ’ ಎನ್ನುವುದು ಸುರಕ್ಷತೆಯ ಅಳತೆ ಅಲ್ಲವೇ ಅಲ್ಲ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು 64 ಕಿ.ಮೀ. ವೇಗದಲ್ಲಿ ಎದುರಿನ ತಡೆಗೆ ಗುದ್ದಿಸುತ್ತಾರೆ. ಮುಂಭಾಗದ ಶೇ 40ರಷ್ಟು ಅಗಲ ಮಾತ್ರ ತಡೆಗೆ ತಾಗುತ್ತದೆ. ಒಳಗೆ ಕೂರಿಸಿದ ಬೊಂಬೆಗಳ ತಲೆ, ಕುತ್ತಿಗೆ, ಎದೆ, ಕಾಲಿಗೆ ಬಿದ್ದ ಪೆಟ್ಟನ್ನು ಸೆನ್ಸರ್‌ಗಳು ಅಳೆಯುತ್ತವೆ. ಪಕ್ಕದಿಂದ ಗುದ್ದುವ ಪರೀಕ್ಷೆ ಬೇರೆ ಇದೆ. ದೊಡ್ಡವರಿಗೆ 32 ಅಂಕ, ಮಕ್ಕಳಿಗೆ 49, ಸ್ಟಾರ್‌ಗಳೂ ಬೇರೆಬೇರೆ. ಹಾವೇರಿ ದಾರಿಯ ಹೆದ್ದಾರಿಯಲ್ಲಿ 100ರ ವೇಗದಲ್ಲಿ ನಿಂತ ಲಾರಿಗೆ ಗುದ್ದಿದರೆ ಏನಾಗುತ್ತದೆ ಎಂಬುದನ್ನು ಈ ಸ್ಟಾರ್‌ಗಳು ಹೇಳುವುದಿಲ್ಲ.

ವಿಡಿಯೊದಲ್ಲಿ ‘ಫೈವ್ ಸ್ಟಾರ್’ ಎಂದ ಕೂಡಲೇ ಎಷ್ಟಕ್ಕೆ ಎಷ್ಟು ಅಂಕ ಎಂದು ನೋಡಿ. ದೊಡ್ಡವರ ಅಂಕ 17ಕ್ಕೆ ಇದ್ದರೆ ಅದು ಗ್ಲೋಬಲ್ ಎನ್‌ಕ್ಯಾಪ್‌ನ 2022ರ ಮಧ್ಯಭಾಗಕ್ಕಿಂತ ಹಿಂದಿನ, ಈಗಿನಷ್ಟು ಕಠಿಣವಲ್ಲದ ಪರೀಕ್ಷೆ. ಆಮೇಲೆ bncap.in ತೆರೆದು ಆ ಕಾರಿನ ಫಲಿತಾಂಶದ ಹಾಳೆ ಓದಿ. ಫಲಿತಾಂಶ ಯಾವ ವೇರಿಯಂಟ್‌ಗಳಿಗೆ ಅನ್ವಯ ಎಂದು ಅದರಲ್ಲಿ ಬರೆದಿರುತ್ತದೆ. ನೀವು ಮುಂಗಡ ಕೊಡಲಿರುವ ವೇರಿಯಂಟಿನ ಹೆಸರು ಅಲ್ಲಿದೆಯೇ ಎಂದು ಖಚಿತ ಮಾಡಿಕೊಂಡ ಮೇಲೆಯೇ ಬುಕಿಂಗ್ ಫಾರಂಗೆ ಸಹಿ ಹಾಕಿ.