ಕಿರುಚಾಟ ನಿಂತಿತು, ಶಾಫ್ಟ್ ಜಾರಿತು

ನಮ್ಮ ಕನ್ವೇಯರ್ ಗೇರ್‌ಬಾಕ್ಸ್‌ನಲ್ಲಿ ಮೊದಲು ಇದ್ದದ್ದು ಸ್ಪರ್ ಗೇರ್. ನೇರ ಹಲ್ಲು ಇಡೀ ಅಗಲಕ್ಕೆ ಒಮ್ಮೆಗೇ ತಾಗುತ್ತದೆ, ಅದಕ್ಕೇ ಆ ಕಿರುಚಾಟ. 20 ಡಿಗ್ರಿ ಓರೆಯ ಹೆಲಿಕಲ್ ಜೋಡಿ ಮಾಡಿಸಿ ಹಾಕಿದೆ. ಹಲ್ಲು ಒಂದು ತುದಿಯಿಂದ ಮೆಲ್ಲಗೆ ಕಚ್ಚುವುದರಿಂದ ಸದ್ದು ಇಳಿಯಿತು. ಖುಷಿ ಮೂರೇ ವಾರ. ಎಣ್ಣೆಯಲ್ಲಿ ಮಿನುಗುವ ಪುಡಿ ಕಂಡಿತು. ಬಿಚ್ಚಿದರೆ ಶಾಫ್ಟಿನ ತುದಿ ಕವರನ್ನು ಉಂಗುರದ ಹಾಗೆ ಕೊರೆದಿತ್ತು!

ತಪ್ಪು ನನ್ನದೇ. ಗೇರ್ ಬದಲಿಸಿದೆ, ಬೇರಿಂಗ್ ಹಾಗೇ ಬಿಟ್ಟೆ. ಎರಡೂ ಕಡೆ ಇದ್ದದ್ದು ಎನ್‌ಯು ಮಾದರಿಯ ಸಿಲಿಂಡ್ರಿಕಲ್ ರೋಲರ್. ಅದರ ಒಳ ಉಂಗುರಕ್ಕೆ ಅಂಚೇ ಇಲ್ಲ, ಶಾಫ್ಟ್ ಸಲೀಸಾಗಿ ಸರಿಯುತ್ತದೆ. ತಡೆಯಲು ಕವರಿನ ಹತ್ತಿರ ಒಂದು ತೆಳು ವಾಷರ್ ಅಷ್ಟೇ. ಸ್ಪರ್ ಗೇರ್ ಪಕ್ಕಕ್ಕೆ ತಳ್ಳುವುದೇ ಇಲ್ಲ, ಹಾಗಾಗಿ ಅದು ಸಾಕಾಗಿತ್ತು.

ಆಮೇಲೆ ಲೆಕ್ಕ ಹಾಕಿದೆ. ಪಿನಿಯನ್ ಟಾರ್ಕ್ 60 ನ್ಯೂಟನ್ ಮೀಟರ್, ಪಿಚ್ ತ್ರಿಜ್ಯ 30 ಮಿ.ಮೀ. ಹಲ್ಲಿನ ಮೇಲೆ 2000 ನ್ಯೂಟನ್. ಅದನ್ನು ಟ್ಯಾನ್ 20, ಅಂದರೆ 0.364ರಿಂದ ಗುಣಿಸಿದರೆ ಪಕ್ಕದ ತಳ್ಳು ಸುಮಾರು 730 ನ್ಯೂಟನ್. 74 ಕಿಲೋ ತೂಕ ಸದಾ ಒತ್ತಿದ ಹಾಗೆ, ವಾಷರ್ ಎಲ್ಲಿ ತಡೆದೀತು?

ಕನ್ವೇಯರ್ ಹಿಂದಕ್ಕೆ ತಿರುಗಿದರೆ ತಳ್ಳು ಕೂಡ ದಿಕ್ಕು ಬದಲಿಸುತ್ತದೆ. ಒಂದು ಟೇಪರ್ ರೋಲರ್ ಬೇರಿಂಗ್ ಒಂದೇ ಕಡೆಯ ತಳ್ಳನ್ನು ತಡೆಯುತ್ತದೆ, ಅದಕ್ಕೇ ಎರಡನ್ನು ಎದುರುಬದುರು ಕೂರಿಸಿದೆ. ಕವರಿನ ಅಡಿಗೆ ಶಿಮ್ ಎಂಬ ತೆಳು ತಗಡು ಹಾಕಿ, ಡಯಲ್ ಗೇಜ್‌ನಲ್ಲಿ ಶಾಫ್ಟಿನ ಆಟ 0.05 ಮಿ.ಮೀ.ಗೆ ತಂದೆ. ಮೊದಲ ಸಲ ಬಿಗಿ ಜಾಸ್ತಿಯಾಗಿ, ಅರ್ಧ ಗಂಟೆಯಲ್ಲೇ ಹೌಸಿಂಗ್ ಮುಟ್ಟಲಾಗದಷ್ಟು ಕಾದಿತ್ತು. ಇನ್ನೊಂದು ಶಿಮ್ ಸೇರಿಸಿದ ಮೇಲೆ ಸರಿಹೋಯಿತು.